ಅಳತೆ ಬರೆದುಬಿಡಿ, ಹದ ವಿಡಿಯೋದಲ್ಲಿ ತೋರ್ಸಿ

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತಿರೋರಲ್ಲಿ ಅಡುಗೆ ಚಾನೆಲ್ ನಡೆಸ್ತಿರೋರೇ ಜಾಸ್ತಿ, ಕ್ಯಾಮೆರಾ, ಲೈಟು, ಮೈಕು ಎಲ್ಲಾ ಬೆಳಿಗ್ಗೆಯಿಂದ ಕೇಳಿದೀರಿ, ನಾನು ಆ ಕಡೆ ಹೋಗಲ್ಲ. ವಿಡಿಯೋ ಎಡಿಟ್ ಆಗಿ ಅಪ್‌ಲೋಡ್‌ಗೆ ಹಾಕಿದ ಮೇಲೆ ಟೈಟಲ್ ಕೆಳಗೆ ಒಂದು ಖಾಲಿ ಬಾಕ್ಸ್ ಬರುತ್ತಲ್ಲ, ಡಿಸ್ಕ್ರಿಪ್ಷನ್ ಅಂತ, ಅದರ ಬಗ್ಗೆ ಮಾತ್ರ ಮಾತಾಡ್ತೀನಿ. ಅದರಲ್ಲೂ ಅರ್ಧ ಗಂಟೆ, ಮುಕ್ಕಾಲು ಗಂಟೆ ಇರೋ ದೊಡ್ಡ ವಿಡಿಯೋಗೆ ಅಲ್ಲಿ ಏನು ಬರೀಬೇಕು ಅಂತ. ಯೂಟ್ಯೂಬಲ್ಲಿ ಆ ಬಾಕ್ಸಿಗೆ 5000 ಅಕ್ಷರ ಹಿಡಿಯುತ್ತೆ, ನಮ್ಮಲ್ಲಿ ಬಹಳ ಜನ ಎರಡು ಸಾಲು ಬರೆದು ಉಳಿದಿದ್ದಕ್ಕೆ ಹ್ಯಾಶ್‌ಟ್ಯಾಗ್ ತುಂಬ್ತಾರೆ. ನನಗೆ ಹೊಟ್ಟೆ ಉರಿಯೋದು ಅಲ್ಲಿ, ಯಾಕಂದ್ರೆ ಒಳಗಡೆ ಇರೋ ಅಡುಗೆ ಅಷ್ಟು ಚೆನ್ನಾಗಿರುತ್ತೆ.

ಒಂದು ವಿಡಿಯೋ ಇಟ್ಕೊಂಡೇ ಹೇಳ್ತೀನಿ. ನಮ್ಮ ಅತ್ತಿಗೆ ಮೈಸೂರಲ್ಲಿರೋದು, ಅವರದ್ದೊಂದು ಚಾನೆಲ್ ಇದೆ. ಪುಳಿಯೋಗರೆ ಗೊಜ್ಜಿನ ಮೇಲೆ ಒಂದು ದೊಡ್ಡ ವಿಡಿಯೋ ಮಾಡಿದ್ರು, ಮೂವತ್ತೆಂಟು ನಿಮಿಷದ್ದು. ಹುಣಸೆಹಣ್ಣು ನೆನೆಸೋದರಿಂದ ಹಿಡಿದು ಗೊಜ್ಜು ಡಬ್ಬಿಗೆ ತುಂಬೋವರೆಗೂ ಏನೂ ಓಡಿಸದೆ ತೋರಿಸಿದಾರೆ. ಅವರ ಮಗ ಕಾಲೇಜು ಹುಡುಗ, ಡಿಸ್ಕ್ರಿಪ್ಷನ್ ಬರೆಯೋದು ಅವನ ಕೆಲಸ. ಏನು ಬರೆದ ಗೊತ್ತಾ? "ಇಂಥ ಪುಳಿಯೋಗರೆ ನೀವು ಜೀವನದಲ್ಲೇ ತಿಂದಿರಲ್ಲ! ಕೊನೇಲಿ ಒಂದು ಸೀಕ್ರೆಟ್ ಇದೆ, ಮಿಸ್ ಮಾಡ್ದೆ ಪೂರ್ತಿ ನೋಡಿ! ಲೈಕ್ ಶೇರ್ ಸಬ್‌ಸ್ಕ್ರೈಬ್ ಬೆಲ್!" ಅಷ್ಟೆ. ಅತ್ತಿಗೆ ಓದಿದ್ರು. "ಏನೋ ಇದು, ಮೇಲುಕೋಟೆ ಕಡೆಯವರು ಓದಿದ್ರೆ ಏನಂದ್ಕೋತಾರೆ? ಜೀವನದಲ್ಲೇ ತಿಂದಿಲ್ಲ ಅಂತ ಅವರಿಗೆ ಹೇಳೋದಾ? ಮತ್ತೆ ಸೀಕ್ರೆಟ್ ಅಂತೆ, ನಾನು ಯಾವ ಸೀಕ್ರೆಟ್ ಇಟ್ಟೆ, ಎಲ್ಲಾ ತೋರ್ಸಿದೀನಲ್ಲ" ಅಂದ್ರು. ಹುಡುಗ "ಎಲ್ಲಾರೂ ಹಿಂಗೇ ಹಾಕ್ತಾರಮ್ಮ" ಅಂದ. ಸರಿ, ಹಾಗೇ ಹೋಯ್ತು.

ಆಮೇಲೆ ಕಾಮೆಂಟ್ ಬರೋಕೆ ಶುರು ಆಯ್ತು. ಮೇಡಂ ಮೆಂತ್ಯ ಎಷ್ಟು ಹಾಕಿದ್ರಿ, ನಮ್ಮದು ಕಹಿ ಆಗುತ್ತೆ. ಅಮ್ಮ ಎಣ್ಣೆ ಎಳ್ಳೆಣ್ಣೆನೇ ಬೇಕಾ. ಫ್ರಿಡ್ಜಲ್ಲಿ ಇಡದೆ ಎಷ್ಟು ದಿನ ಇರುತ್ತೆ. ಅಕ್ಕಾ, ಗೊಜ್ಜು ಆಯ್ತು ಅಂತ ಹೇಗೆ ಗೊತ್ತಾಗುತ್ತೆ. ಇದಕ್ಕೆಲ್ಲಾ ವಿಡಿಯೋ ಒಳಗೇ ಉತ್ತರ ಇದೆ ರೀ! ಹತ್ತನೇ ನಿಮಿಷದಲ್ಲಿ ಒಂದು, ಇಪ್ಪತ್ತೈದನೇ ನಿಮಿಷದಲ್ಲಿ ಇನ್ನೊಂದು. ಆದ್ರೆ ಕೇಳ್ತಿರೋರು ಒಲೆ ಮುಂದೆ ನಿಂತಿದಾರೆ, ಕೈಯೆಲ್ಲಾ ಹುಣಸೆರಸ, ಒಂದೇ ಬೆರಳಲ್ಲಿ ಫೋನ್ ಒತ್ತುತಿದಾರೆ. ಅವರು ಮೂವತ್ತೆಂಟು ನಿಮಿಷದಲ್ಲಿ ಎಲ್ಲಿ ಅಂತ ಹುಡುಕ್ತಾರೆ? ಅದಕ್ಕೇ ನಾನು ಎಲ್ಲಿ ಹೋದ್ರೂ ಹೇಳೋದು, ಡಿಸ್ಕ್ರಿಪ್ಷನ್ ಬರೆಯೋವಾಗ ಒಲೆ ಮುಂದೆ ನಿಂತಿರೋರಿಗೆ ಬರೀರಿ. ಸೋಫಾ ಮೇಲೆ ಕೂತು ನೋಡೋರಿಗೆ ಅದು ಬೇಕಾಗೇ ಇಲ್ಲ.

ಅತ್ತಿಗೆ, ನಾನು, ಆ ಹುಡುಗ ಮೂರೂ ಜನ ಕೂತು ಆ ಕಾಮೆಂಟ್‌ಗಳನ್ನೇ ಮುಂದಿಟ್ಕೊಂಡು ಹೊಸದಾಗಿ ಬರೆದ್ವಿ. ಆಗ ಅತ್ತಿಗೆಗೆ ಒಂದು ಭಯ ಬಂತು, ನಿಮ್ಮಲ್ಲೂ ಬಹಳ ಜನಕ್ಕೆ ಇರೋದೇ ಅದು. "ಅಳತೆ ಎಲ್ಲಾ ಕೆಳಗೇ ಬರೆದುಬಿಟ್ರೆ ವಿಡಿಯೋ ಯಾರು ನೋಡ್ತಾರೆ?" ನಾನು ಕೇಳಿದೆ, ಅತ್ತಿಗೆ, ಒಂದು ಟೀ ಚಮಚ ಮೆಂತ್ಯ ಅಂತ ಬರೆದ್ರೆ ಗೊಜ್ಜು ಕಹಿ ಆಗದೆ ಇರುತ್ತಾ? ಅವರೇ ಹೇಳಿದ್ರು, "ಇಲ್ಲ, ಅದು ಹುರಿಯೋದರಲ್ಲಿ ಇರೋದು. ಸಣ್ಣ ಉರೀಲಿ ಹುರಿದು ಬಣ್ಣ ಸ್ವಲ್ಪ ಕೆಂಪಿಗೆ ತಿರುಗ್ತಿದ್ದ ಹಾಗೆ ತಟ್ಟೆಗೆ ಸುರೀಬೇಕು, ಬಾಣಲೇಲೇ ಬಿಟ್ರೆ ಆ ಬಿಸಿಗೇ ಇನ್ನೂ ಹುರಿದು ಕಪ್ಪಾಗುತ್ತೆ, ಕಹಿ ಬರೋದು ಆಗ." ನೋಡಿ, ಎಷ್ಟು ಹಾಕಬೇಕು ಅನ್ನೋದನ್ನ ಬರೆದು ತಿಳಿಸಬಹುದು, ಎಲ್ಲಿಗೆ ನಿಲ್ಲಿಸಬೇಕು ಅನ್ನೋ ಬಣ್ಣಾನ ಬರೆದು ತಿಳಿಸೋಕೆ ಆಗಲ್ಲ, ಅದನ್ನ ಕಣ್ಣಲ್ಲೇ ನೋಡಬೇಕು. ಅದಕ್ಕೇ ತಾನೆ ಅವರು ಮೂವತ್ತೆಂಟು ನಿಮಿಷದ ವಿಡಿಯೋ ಮಾಡಿದ್ದು. ಹಾಗಾಗಿ ಅಳತೆ ಎಲ್ಲಾ ಧಾರಾಳವಾಗಿ ಬರೆದುಬಿಡಿ, ಹದ ಏನಿದೆಯೋ ಅದನ್ನ ಟೀಸರ್ ಮಾಡಿ. ಇಷ್ಟೇ ನಾನು ಇವತ್ತು ಹೇಳೋಕೆ ಬಂದಿರೋದು.

ಟೀಸರ್ ಅಂದ್ರೆ ಮೊದಲ ಎರಡು ಸಾಲು. ಫೋನಲ್ಲಿ ಆರಂಭದ ಸ್ವಲ್ಪ ಮಾತ್ರ ಕಾಣಿಸುತ್ತೆ, ಉಳಿದಿದ್ದು ...more ಒತ್ತಿದ್ರೆ ಮಾತ್ರ ತೆರೆಯುತ್ತೆ. ಹಾಗಾಗಿ "ನಮಸ್ಕಾರ ಸ್ನೇಹಿತರೇ, ನಮ್ಮ ಚಾನೆಲ್‌ಗೆ ಸ್ವಾಗತ" ಅನ್ನೋದನ್ನ ಅಲ್ಲಿ ಹಾಕಬೇಡಿ ದಯವಿಟ್ಟು, ಅದನ್ನ ವಿಡಿಯೋದಲ್ಲಿ ಬಾಯಲ್ಲೇ ಹೇಳಿರ್ತೀರಿ. ನಾವು ಬರೆದಿದ್ದು ಇದು, ಸ್ಕ್ರೀನ್ ಮೇಲೆ ಇದೆ ನೋಡಿ:

"ಪುಳಿಯೋಗರೆ ಗೊಜ್ಜು ಕಹಿ ಆಗ್ತಿದೆಯಾ, ಇಲ್ಲಾ ನಾಲ್ಕು ದಿನಕ್ಕೇ ಬೂಸ್ಟು ಬರ್ತಿದೆಯಾ? ಮೆಂತ್ಯ ಯಾವ ಬಣ್ಣಕ್ಕೆ ನಿಲ್ಲಿಸಬೇಕು, ಗೊಜ್ಜು ಯಾವಾಗ ಇಳಿಸಬೇಕು ಅಂತ ಹತ್ತಿರದಿಂದ ತೋರಿಸಿದೀನಿ."

ಇದರಲ್ಲಿ ಸೀಕ್ರೆಟ್ ಇಲ್ಲ, ಹೊಗಳಿಕೆ ಇಲ್ಲ. ಎರಡು ಕಡೆ ಗೊಜ್ಜು ಕೆಡುತ್ತೆ, ಎರಡೂ ಹೆಸರು ಹೇಳಿ ಕರೆದಿದೀವಿ. ಗೊಜ್ಜು ಕೆಟ್ಟೋರು ಇದನ್ನ ಓದಿದ ತಕ್ಷಣ ಇದು ನನಗೇ ಬರೆದಿದ್ದು ಅಂದ್ಕೋತಾರೆ. ನಿಮ್ಮ ವಿಡಿಯೋ ಮೈಸೂರು ಪಾಕಿದ್ದಾದ್ರೆ ಗಟ್ಟಿ ಕಲ್ಲಾಗ್ತಿದೆಯಾ ಅಂತ ಕೇಳಿ, ನೀರುದೋಸೆ ಆದ್ರೆ ಕಾವಲಿಗೆ ಅಂಟ್ಕೋತಿದೆಯಾ ಅಂತ ಕೇಳಿ. ಯಾವ ಅಡುಗೆಗಾದ್ರೂ ಕೆಡೋ ಜಾಗ ಒಂದಿರುತ್ತೆ, ಅಲ್ಲಿಂದ ಶುರು ಮಾಡಿ.

ಅದರ ಕೆಳಗೆ ಅಳತೆ. ಹುಣಸೆಹಣ್ಣು 100 ಗ್ರಾಂ, ಎಳ್ಳೆಣ್ಣೆ ಅರ್ಧ ಕಪ್, ಬೆಲ್ಲ 50 ಗ್ರಾಂ, ಪುಡಿಗೆ ಬ್ಯಾಡಗಿ ಮೆಣಸಿನಕಾಯಿ 15, ಕೊತ್ತಂಬರಿ ಬೀಜ ಎರಡು ದೊಡ್ಡ ಚಮಚ, ಜೀರಿಗೆ, ಕಾಳುಮೆಣಸು, ಮೆಂತ್ಯ ಒಂದೊಂದು ಟೀ ಚಮಚ, ಹೀಗೆ. ಒಂದು ಸಾಲಿಗೆ ಒಂದೇ ಸಾಮಾನು, ಅಂಗಡಿಗೆ ಹೋದೋರು ಫೋನ್ ತೆಗೆದು ನೋಡ್ಕೊಳ್ಳೋ ಹಾಗೆ. ಕಪ್ ಅಂತ ಬರೆದ್ರೆ ಎಷ್ಟು ಎಂಎಲ್ ಕಪ್ ಅಂತಾನೂ ಒಂದ್ಸಲ ಬರೀರಿ, ಯಾಕಂದ್ರೆ ಕೆಲವರು ಕಾಫಿ ಕಪ್ಪಲ್ಲಿ ಅಳೀತಾರೆ, ಆಮೇಲೆ ನಿಮ್ಮ ರೆಸಿಪಿ ಸರಿ ಇಲ್ಲ ಅಂತಾರೆ. ಇನ್ನೊಂದು, ಕೊಬ್ಬರಿ ಮತ್ತೆ ಎಳ್ಳಿನ ಪುಡಿ ಎಷ್ಟು ಅಂತ ಬರೆದ ಕಡೆ "ಇದು ಗೊಜ್ಜಿಗಲ್ಲ, ಅನ್ನ ಕಲಸುವಾಗ" ಅಂತ ಅತ್ತಿಗೆ ಸೇರಿಸಿದ್ರು, ಗೊಜ್ಜಿಗೇ ಹಾಕಿಟ್ರೆ ಕೊಬ್ಬರಿ ಕಮಟು ಹಿಡಿಯುತ್ತೆ ಅಂತ. ಇಂಥ ಒಂದು ಮಾತು ಪುಕ್ಕಟೆ ಕೊಟ್ರೆ ನಿಮಗೆ ನಷ್ಟ ಇಲ್ಲ, ಓದಿದೋರಿಗೆ ಈ ಅಮ್ಮನಿಗೆ ನಿಜವಾಗ್ಲೂ ಗೊತ್ತಿದೆ ಅಂತ ಅಲ್ಲೇ ನಂಬಿಕೆ ಬರುತ್ತೆ.

ಆಮೇಲೆ ಯಾವ ನಿಮಿಷದಲ್ಲಿ ಏನಿದೆ ಅನ್ನೋದು. ಟೈಮ್ ಹಾಕೋಕೆ ಒಂದು ಕ್ರಮ ಇದೆ: ಮೊದಲನೇದು 0:00 ಇಂದಾನೇ ಶುರು ಆಗ್ಬೇಕು, ಕಡಿಮೆ ಅಂದ್ರೆ ಮೂರು ಇರಬೇಕು, ಟೈಮು ಏರ್ತಾ ಹೋಗ್ಬೇಕು, ಒಂದೊಂದು ಭಾಗ ಹತ್ತು ಸೆಕೆಂಡಾದ್ರೂ ಇರಬೇಕು. ಆಗ ವಿಡಿಯೋ ಕೆಳಗಿನ ಗೆರೆ ತುಂಡು ತುಂಡಾಗಿ ಚಾಪ್ಟರ್ ಆಗುತ್ತೆ. 0:00 ಬಿಟ್ಟು 0:40 ಇಂದ ಶುರು ಮಾಡಿದ್ರೆ ಚಾಪ್ಟರ್ ಆಗಲ್ಲ, ಬಹಳ ಜನ ಎಡವೋದು ಇಲ್ಲೇ. ನಮ್ಮದು ಹೀಗಿತ್ತು:

```
0:00 ಗೊಜ್ಜು ಆಯ್ತು ಅಂತ ಗೊತ್ತಾಗೋದು ಹೀಗೆ
1:10 ಸಾಮಾನು, ಅಳತೆ
5:30 ಹುಣಸೆರಸ ಸೋಸೋದು
10:45 ಮೆಂತ್ಯ ಎಲ್ಲಿಗೆ ನಿಲ್ಲಿಸಬೇಕು
19:20 ಕುದಿಸೋದು, ಎಣ್ಣೆ ಬಿಡೋ ಹಂತ
29:00 ಅನ್ನ ಆರಿಸಿ ಕಲಸೋದು
34:15 ಡಬ್ಬಿ, ಚಮಚ, ಎಷ್ಟು ದಿನ ಇರುತ್ತೆ
```

ಮಗ ಮೊದಲು 10:45ಕ್ಕೆ "ಮಸಾಲೆ ತಯಾರಿ" ಅಂತ ಬರೆದಿದ್ದ. ತಪ್ಪೇನಿಲ್ಲ, ಆದ್ರೆ ಒಲೆ ಮುಂದೆ ನಿಂತೋರ ಪ್ರಶ್ನೆ ಮಸಾಲೆ ತಯಾರಿ ಅಂತ ಇರಲ್ಲ, ಮೆಂತ್ಯ ಸಾಕಾ ಅಂತ ಇರುತ್ತೆ. ಅದೇ ಮಾತಲ್ಲಿ ಬರೀರಿ. 19:20ರದ್ದೂ ಅಷ್ಟೇ. ಮೊದಲು ಗೊಜ್ಜು ನೀರಾಗಿ ಜೋರಾಗಿ ಕುದಿಯುತ್ತೆ, ಬರ್ತಾ ಬರ್ತಾ ಗುಳ್ಳೆ ದಪ್ಪ ಆಗಿ ನಿಧಾನ ಆಗುತ್ತೆ, ಮೇಲೆ ಸಿಡಿಯುತ್ತೆ, ಸುತ್ತ ಅಂಚಲ್ಲಿ ಎಣ್ಣೆ ಬಿಟ್ಕೊಳ್ಳುತ್ತೆ, ಆಗ ಇಳಿಸಬೇಕು. ಅದಕ್ಕಿಂತ ಮುಂಚೆ ಇಳಿಸಿದ್ರೆ ನೀರಿನಂಶ ಉಳಿದು ಬೂಸ್ಟು ಬರೋದು, ಒದ್ದೆ ಚಮಚ ಹಾಕಿದ್ರೂ ಅಷ್ಟೇ. ಅತ್ತಿಗೆ ವಿಡಿಯೋದಲ್ಲಿ ಈ ಎಣ್ಣೆ ಬಿಡೋ ಹೊತ್ತನ್ನ ಬಹಳ ಚೆನ್ನಾಗಿ ತೋರ್ಸಿದಾರೆ, ಸೌಟಲ್ಲಿ ಪಕ್ಕಕ್ಕೆ ಎಳೆದು ಪಾತ್ರೆ ತಳ ಕಾಣೋ ಹಾಗೆ. ಆ ತುಣುಕನ್ನೇ ತಂದು ವಿಡಿಯೋ ಶುರುವಿಗೆ ಹಾಕಿ ಮತ್ತೆ ಅಪ್‌ಲೋಡ್ ಮಾಡಿದ್ವಿ. ಟೀಸರಲ್ಲಿ ಏನು ಮಾತು ಕೊಟ್ವೋ ಅದು ಪ್ಲೇ ಒತ್ತಿದ ಕೂಡಲೇ ಕಾಣುತ್ತೆ, ಪೂರ್ತಿ ಹೇಗೆ ಅಂತ ಬೇಕಾದೋರು ಕೂತು ನೋಡ್ತಾರೆ.

ಟೈಮ್ ಆಗ್ತಿದೆ ಅಂತ ಚೀಟಿ ಬಂದಿದೆ, ಬೇಗ ಹೇಳ್ತೀನಿ. ಸಬ್‌ಸ್ಕ್ರೈಬ್ ವಿಷಯ. ಕೇಳಿ, ಖಂಡಿತ ಕೇಳಿ, ಸಂಕೋಚ ಬೇಡ. ಆದ್ರೆ ಒಂದೇ ಸಲ ಕೇಳಿ, ಅಳತೆ ಟೈಮ್ ಎಲ್ಲಾ ಕೊಟ್ಟಾದ ಮೇಲೆ ಕೇಳಿ, ಮತ್ತೆ ಯಾಕೆ ಅಂತ ಹೇಳಿ ಕೇಳಿ. ನಾವು ಬರೆದಿದ್ದು: "ಮುಂದಿನ ವಾರ ಇದೇ ಥರ ನಿಧಾನವಾಗಿ ಬಿಸಿಬೇಳೆಬಾತ್ ಪುಡಿ ಮಾಡ್ತೀನಿ. ಬೇಕು ಅನ್ನೋರು ಸಬ್‌ಸ್ಕ್ರೈಬ್ ಮಾಡ್ಕೊಂಡಿರಿ, ಗೊಜ್ಜು ಹೇಗೆ ಬಂತು ಅಂತ ಕಾಮೆಂಟಲ್ಲಿ ಹೇಳಿ." ಮನೆಗೆ ಬಂದೋರನ್ನ ಹೊರಡುವಾಗ "ಮತ್ತೆ ಬನ್ನಿ" ಅಂತೀವಲ್ಲ, ಆ ದನಿ ಸಾಕು. ಬಾಗಿಲಲ್ಲೇ ನಿಲ್ಲಿಸಿ ಮತ್ತೆ ಬರ್ತೀರಾ ಅಂತ ಯಾರೂ ಕೇಳಲ್ಲ. ಮತ್ತೆ ಬಿಸಿಬೇಳೆಬಾತ್ ಅಂದ್ರೆ ಬಿಸಿಬೇಳೆಬಾತೇ ಹಾಕಬೇಕು ಮುಂದಿನ ವಾರ, ಬೇರೆ ಏನೋ ಹಾಕಿದ್ರೆ ಆ ಸಾಲಿಗೆ ಬೆಲೆ ಹೋಗುತ್ತೆ.

ಇನ್‌ಸ್ಟಾಗ್ರಾಂಗೆ ಇದನ್ನೇ ಕಾಪಿ ಮಾಡಬೇಡಿ. ಅಲ್ಲಿ ಕ್ಯಾಪ್ಷನ್‌ಗೆ 2200 ಅಕ್ಷರ, ಲಿಂಕ್ ಹಾಕಿದ್ರೂ ಒತ್ತೋಕೆ ಬರಲ್ಲ, ಹಾಗಾಗಿ ಮೆಂತ್ಯದ ವಿಷಯ ಒಂದನ್ನೇ ಪೂರ್ತಿ ಹೇಳಿ, ದೊಡ್ಡ ವಿಡಿಯೋದ ಲಿಂಕ್ ಪ್ರೊಫೈಲಲ್ಲಿ ಇಡಿ. ವಾಟ್ಸಾಪ್ ಗ್ರೂಪಿಗೆ ಕಳಿಸೋವಾಗ ಆ ಜಾಗಕ್ಕೇ ಹೋಗೋ ಲಿಂಕ್ ಕೊಡಿ. 10:45 ಅಂದ್ರೆ 645 ಸೆಕೆಂಡ್, ಲಿಂಕ್ ಕೊನೆಗೆ `?t=645` ಅಂತ ಸೇರಿಸಿ, ಲಿಂಕಲ್ಲಿ ಮೊದಲೇ ಒಂದು ಪ್ರಶ್ನೆ ಚಿಹ್ನೆ ಇದ್ರೆ `&t=645`. ನಿಮ್ಮ ಚಿಕ್ಕಮ್ಮ ಒತ್ತಿದ್ರೆ ಸೀದಾ ಮೆಂತ್ಯದ ಬಾಣಲೇಗೇ ಹೋಗ್ತಾರೆ.

ಹ್ಯಾಶ್‌ಟ್ಯಾಗ್ ಬಗ್ಗೆ ಹೇಳೋಕೆ ಬಹಳ ಇತ್ತು, ಮೂರು ಹಾಕಿ ಸಾಕು ಅಂತ ಬಿಡ್ತೀನಿ. ಈಗ ಫೋನ್ ತೆಗೀರಿ ಎಲ್ಲರೂ, ನಿಮ್ಮ ಹೊಸ ದೊಡ್ಡ ವಿಡಿಯೋ ಒಂದು ತೆರೆದು ಅದರ ಕಾಮೆಂಟಲ್ಲಿ ಪದೇ ಪದೇ ಬಂದಿರೋ ಪ್ರಶ್ನೆ ಯಾವುದು ನೋಡಿ, ಅದಕ್ಕೆ ಉತ್ತರ ಎಷ್ಟನೇ ನಿಮಿಷದಲ್ಲಿದೆ ಅಂತ ಚೀಟೀಲಿ ಬರ್ಕೊಳ್ಳಿ. ಊಟ ಆದ್ಮೇಲೆ ಚೀಟಿ ತಗೊಂಡು ಬನ್ನಿ, ಮೊದಲ ಎರಡು ಸಾಲು ಅದರಿಂದಾನೇ ಕೂತು ಬರೆಯೋಣ.