ನೆನಪಿನ ಚೀಟಿಗಳು, ಪುಸ್ತಕದ ಅಧ್ಯಾಯಗಳು

ಕೇಳುಗರೇ, ನಮಸ್ಕಾರ. ಆತ್ಮಕಥೆ ಬರೆಯಲು ಕೂತವರಲ್ಲಿ ಹೆಚ್ಚಿನವರು ಮೊದಲು ಮಾಡುವ ಕೆಲಸ ಅಂದರೆ ಅಧ್ಯಾಯಗಳ ಪಟ್ಟಿ. ಬಾಲ್ಯ, ಓದು, ನೌಕರಿ, ಮದುವೆ, ನಿವೃತ್ತಿ. ಆಮೇಲೆ ನೌಕರಿಯ ಬಗ್ಗೆ ಬರೆಯುತ್ತಿರುವಾಗ ಆರನೇ ವಯಸ್ಸಿನ ಒಂದು ಜಾತ್ರೆ ನೆನಪಿಗೆ ಬರುತ್ತದೆ. ಅದನ್ನು ಎಲ್ಲಿ ಸೇರಿಸೋದು ಅಂತ ತಿಳಿಯದೆ ಪೆನ್ನು ನಿಂತುಬಿಡುತ್ತದೆ.

ಶಿಡ್ಲಘಟ್ಟದ ಹತ್ತಿರದ ಹಳ್ಳಿಯ ಒಬ್ಬ ನಿವೃತ್ತ ಶಿಕ್ಷಕಿ ಹೀಗೇ ನಿಂತಿದ್ದರು. ಅವರ ಬರಹ ಪುಸ್ತಕವಾಗುವಾಗ ನಾನು ಜೊತೆಗಿದ್ದೆ. ಆ ಕೆಲಸ ಹೇಗೆ ನಡೆಯಿತು ಅಂತ ಇವತ್ತು ಹೇಳುತ್ತೇನೆ.

ಮೊದಲು ಪಟ್ಟಿಯನ್ನು ಪಕ್ಕಕ್ಕಿಟ್ಟೆವು. ಒಂದು ನೆನಪಿಗೆ ಒಂದು ಚೀಟಿ. ಅದರಲ್ಲಿ ನಾಲ್ಕೈದು ಸಾಲು ಸಾಕು. ಮೇಲೆ ಮೂರು ವಿಷಯ ಬರೆಯಬೇಕು: ಆಗ ಯಾವ ಮನೆಯಲ್ಲಿದ್ದಿರಿ, ಜೊತೆಗೆ ಯಾರಿದ್ದರು, ಸುಮಾರು ಯಾವಾಗ. ಇಸವಿ ಗೊತ್ತಿಲ್ಲದಿದ್ದರೆ ಊಹಿಸಿ ಬರೆಯಬೇಡಿ. ಗೊತ್ತಿರುವ ಘಟನೆಗೆ ಕಟ್ಟಿ. ‘ತುರ್ತು ಪರಿಸ್ಥಿತಿಗೆ ಮುಂಚೆ’ ಅಂದರೆ 1975ರ ಜೂನ್‌ಗೆ ಮುಂಚೆ ಅಂತಾಯಿತು. ‘ತಮ್ಮ ಹುಟ್ಟಿದ ಮೇಲೆ’ ಅಂದರೂ ಆಗುತ್ತದೆ. ಇನ್ನೊಂದು ಮಾತು. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗಿದ್ದು 2007ರಲ್ಲಿ. ಅದಕ್ಕೂ ಹಿಂದಿನ ನೆನಪಿನಲ್ಲಿ ನಮ್ಮದು ಕೋಲಾರ ಜಿಲ್ಲೆ ಅಂತಲೇ ಇರಬೇಕು. ಇಂಥ ಸಣ್ಣ ವಿಷಯ ತಪ್ಪಿದರೆ ಊರಿನ ಓದುಗರಿಗೆ ಅಲ್ಲೇ ಅನುಮಾನ ಬರುತ್ತದೆ.

ಚೀಟಿಗಳು ಒಂದು ಚೀಲದಷ್ಟಾದ ಮೇಲೆ ನಡುಮನೆಯಲ್ಲಿ ಹರಡಿದೆವು. ಮೊದಲು ಇಸವಿ ಪ್ರಕಾರ ಜೋಡಿಸಿ ನೋಡಿದೆವು. ಬಾಲ್ಯದ ರಾಶಿ ಗುಡ್ಡೆಯಾಯಿತು, ನೌಕರಿಯ ಮೂವತ್ತು ವರ್ಷಕ್ಕೆ ಬೆರಳೆಣಿಕೆಯಷ್ಟು ಚೀಟಿ. ವರ್ಷಕ್ಕೆ ತಕ್ಕಂತೆ ಅಧ್ಯಾಯ ಮಾಡಿದ್ದರೆ ಆ ಖಾಲಿ ಜಾಗವನ್ನು ವರ್ಗಾವಣೆ ಆದೇಶಗಳಿಂದ ತುಂಬಬೇಕಾಗುತ್ತಿತ್ತು. ಅದನ್ನು ಯಾರು ಓದುತ್ತಾರೆ, ಹೇಳಿ?

ಆಗ ಮನುಷ್ಯರ ಪ್ರಕಾರ ಜೋಡಿಸಿದೆವು. ಎಲ್ಲ ಕಾಲದ ಚೀಟಿಗಳಲ್ಲೂ ಅವರ ಅಣ್ಣ ಇದ್ದ. ಅವರದು ರೇಷ್ಮೆ ಹುಳು ಸಾಕುವ ಮನೆ. ಹುಳು ಪೊರೆ ಕಳಚುವುದಕ್ಕೆ ಜ್ವರ ಅಂತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಹುಳು ಹೆಚ್ಚು ಕಡಿಮೆ ಒಂದು ವಾರ ಹಗಲೂ ರಾತ್ರಿ ಸೊಪ್ಪು ತಿನ್ನುತ್ತದೆ. ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಅಂಥದೊಂದು ವಾರ ಅಣ್ಣನ ಪರೀಕ್ಷೆ ಬಂತು. ಅವನು ಸೊಪ್ಪು ತರಲು ತೋಟಕ್ಕೆ ಹೋದ, ಶಾಲೆಗೆ ಮತ್ತೆ ಹೋಗಲಿಲ್ಲ. ಆ ಬೆಳೆಯ ಗೂಡು ಮಾರಿದ ದುಡ್ಡಿನಲ್ಲಿ ತಂಗಿ ಕೋಲಾರದ ಹಾಸ್ಟೆಲ್ ಸೇರಿದರು. ಮೊದಲ ಸಂಬಳದ ಚೀಟಿ, ಅಣ್ಣ ಮಗಳನ್ನು ಕಾಲೇಜಿಗೆ ಸೇರಿಸಿದ ದಿನದ ಚೀಟಿ, ಎಲ್ಲಾ ಇದೇ ಎಳೆಗೆ ಬಂದು ಕೂತವು. ಅಣ್ಣ ಬಿಟ್ಟ ಓದಿಗೆ ತಾನೇನು ಕೊಟ್ಟೆ ಅನ್ನೋದು ಅವರ ಪುಸ್ತಕದ ಪ್ರಶ್ನೆ. ಅದು ಸಿಕ್ಕ ಮೇಲೆ ಅಧ್ಯಾಯಗಳು ತಾವಾಗಿಯೇ ಕಾಣತೊಡಗಿದವು.

ಒಂದು ಚೀಟಿ ಮಾತ್ರ ತುಂಬಾ ಕಾಡಿತು. ಹಾಸ್ಟೆಲ್‌ಗೆ ಹೊರಟ ದಿನ ಅಮ್ಮನ ಕೈಯಲ್ಲಿ ಬಳೆ ಇರಲಿಲ್ಲ. ಗೂಡಿನ ದುಡ್ಡು ಸಾಲದೆ ಅದನ್ನು ಅಡವಿಟ್ಟಿದ್ದರು ಅಂತ ಅಣ್ಣ ಹೇಳಿದ್ದು ಎಷ್ಟೋ ವರ್ಷಗಳ ಮೇಲೆ. ಇದನ್ನು ಎಲ್ಲಿ ಹೇಳಬೇಕು? ನಾವು ಚೀಟಿಯನ್ನು ಎರಡು ಮಾಡಿದೆವು. ಹುಡುಗಿ ಕಂಡಿದ್ದು ಹಾಸ್ಟೆಲ್ ಅಧ್ಯಾಯದಲ್ಲಿ: ಬರಿಗೈ, ಅಷ್ಟೇ, ವಿವರಣೆಯಿಲ್ಲ. ಕಾರಣ ತಿಳಿದಿದ್ದು ಕೊನೆಯ ಹತ್ತಿರದ ಅಧ್ಯಾಯದಲ್ಲಿ. ಒಂದೇ ನೆನಪು ಎರಡು ಕಡೆ ಜಾಗ ಕೇಳಿದರೆ, ಕಂಡ ವಯಸ್ಸು ಮತ್ತು ತಿಳಿದ ವಯಸ್ಸು ಬೇರೆಬೇರೆಯಾ ಅಂತ ನೋಡಿ. ಹೆಚ್ಚಿನ ಸಲ ಹಾಗೇ ಇರುತ್ತದೆ.

ಅಧ್ಯಾಯ ಸರಿಯಾಗಿ ಕೂತಿದೆಯಾ ಅಂತ ತಿಳಿಯೋದು ಹೇಗೆ? ಅದರೊಳಗಿನ ಎರಡು ಚೀಟಿಗಳನ್ನು ಅದಲು ಬದಲು ಮಾಡಿ. ಏನೂ ವ್ಯತ್ಯಾಸವಾಗದಿದ್ದರೆ ಅಲ್ಲಿ ಇನ್ನೂ ಎಳೆ ಹುಟ್ಟಿಲ್ಲ, ಸುಮ್ನೆ ಒಟ್ಟಿಗೆ ಇಟ್ಟಿದ್ದೀರಿ ಅಷ್ಟೆ. ಒಬ್ಬರನ್ನೇ ಮೂರು ಅಧ್ಯಾಯಗಳಲ್ಲಿ ಮೂರು ಸಲ ಪರಿಚಯಿಸುತ್ತಿದ್ದರೆ ಅವರ ಚೀಟಿಗಳು ಚದುರಿವೆ ಅಂತ ಅರ್ಥ.

ಇಸವಿಯ ಕ್ರಮ ಬಿಟ್ಟಾಗ ಓದುಗರು ದಾರಿ ತಪ್ಪಬಹುದು. ಅದಕ್ಕೆ ಪ್ರತಿ ಅಧ್ಯಾಯದ ಮೊದಲ ಒಂದೆರಡು ಸಾಲಿನಲ್ಲೇ ವಯಸ್ಸು, ಊರು ಬರಲಿ. ‘ನನಗಾಗ ಹನ್ನೊಂದು, ಕೋಲಾರದ ಹಾಸ್ಟೆಲ್’ ಅಂದರೆ ಸಾಕು.

ಎಲ್ಲೂ ಸೇರದ ಚೀಟಿಗಳು ಉಳಿಯುತ್ತವೆ. ಬಲವಂತ ಮಾಡಬೇಡಿ, ಒಂದು ಲಕೋಟೆಯಲ್ಲಿಡಿ. ಜಾತ್ರೆಯ ಚೀಟಿ ಚೆನ್ನಾಗಿತ್ತು. ಆದರೂ ಅದು ಲಕೋಟೆಯಲ್ಲೇ ಉಳಿಯಿತು, ಆ ಶಿಕ್ಷಕಿಗೆ ಅದು ಬೇಜಾರೇ.

ಮೊದಲ ಅಧ್ಯಾಯವನ್ನು ಎಲ್ಲಕ್ಕಿಂತ ಕೊನೆಗೆ ಆರಿಸಿದೆವು. ಅವರ ಪುಸ್ತಕ ಹುಟ್ಟಿದ ದಿನದಿಂದ ಶುರುವಾಗುವುದಿಲ್ಲ, ಅಣ್ಣ ಪರೀಕ್ಷೆ ಬಿಟ್ಟು ಸೊಪ್ಪಿನ ತೋಟಕ್ಕೆ ಹೋದ ಬೆಳಗ್ಗೆಯಿಂದ ಶುರುವಾಗುತ್ತದೆ. ಊರು, ಮನೆತನ, ಅಜ್ಜ ಅಜ್ಜಿಯ ವಿವರ ಮೂರನೇ ಅಧ್ಯಾಯಕ್ಕೆ ಹೋಯಿತು. ಅಷ್ಟರಲ್ಲಿ ಓದುಗರಿಗೂ ಈ ಮನೆ ಯಾರದು ಅಂತ ತಿಳಿಯುವ ಆಸೆ ಬಂದಿರುತ್ತದೆ. ನಮಸ್ಕಾರ.