ಕೊರಿಯನ್‌ನ 'ಯೊ', ಧಾರವಾಡದ 'ರೀ'

ಕೊರಿಯನ್ ಕ್ಲಾಸಿನ ಎರಡನೇ ವಾರ. ಪಾಠ ಮುಗಿಸಿ ಬ್ಯಾಗ್ ಹೆಗಲಿಗೆ ಹಾಕ್ತಿದ್ದೆ. ಟೀಚರ್ ಕೇಳಿದರು, "ಚಿಬೆ ಗಾಸೆಯೊ?" ಮನೆಗೆ ಹೋಗ್ತಿದ್ದೀರಾ ಅಂತ. ನಾನು ಅದೇ ಮಾತನ್ನು ತಿರುಗಿಸಿ ಹೇಳಿದೆ, "ನೇ, ಚಿಬೆ ಗಾಸೆಯೊ." ಅವರು ಮೆಲ್ಲಗೆ ತಿದ್ದಿದರು: "ಚಿಬೆ ಗಾಯೊ." ನಾನು ಹೇಳಿದ್ದು 'ಹೂಂ, ನೀವು ಮನೆಗೆ ಹೋಗಿ' ಅಂತ ಆಗಿಬಿಟ್ಟಿತ್ತು.

ತಪ್ಪು ಎಲ್ಲಾಯ್ತು ಅಂತ ಆ ರಾತ್ರಿ ನೋಟ್‌ಬುಕ್ ಹಿಡಿದು ಕೂತೆ. 'ಗಾಸೆಯೊ' ಒಳಗೆ ಎರಡು ಮರ್ಯಾದೆ ಇದೆ. 'ಶಿ' ಅನ್ನೋ ತುಣುಕು ಕ್ರಿಯೆ ಮಾಡುವವರಿಗೆ ಕೊಡುವ ಗೌರವ. ಕೊನೆಯ 'ಯೊ' ಕೇಳಿಸಿಕೊಳ್ಳುವವರಿಗೆ. ಶಿ, ಯೊ ಎರಡೂ ಸೇರಿ 'ಸೆಯೊ' ಆಗುತ್ತೆ. ನನ್ನ ಬಗ್ಗೆ ಹೇಳುವಾಗ ಶಿ ಬರಲೇಬಾರದು. ನಾವು 'ನಾನು ಬಂದರು' ಅನ್ನಲ್ಲ, ಅಲ್ವಾ?

ಶಿ ನನಗೆ ಬೇಗ ಹಿಡಿಸಿತು, ನಮ್ಮ 'ಬಂದರು' ಇದ್ದ ಹಾಗೇ ಇದೆ. ಯೊ ಮಾತ್ರ ತಲೆಗೆ ಹತ್ತಲಿಲ್ಲ. ಬೆಂಗಳೂರಲ್ಲಿ ಬೆಳೆದ ನನಗೆ 'ನಾನು ಹೋಗ್ತೀನಿ' ಅನ್ನೋದು ಗೆಳತಿಗೂ ಅದೇ, ಮೇಷ್ಟ್ರಿಗೂ ಅದೇ. ಆಮೇಲೆ ಧಾರವಾಡದ ಅಮ್ಮ ಫೋನಲ್ಲಿ ಯಾರಿಗೋ "ನಾ ಹೊಂಟೇನ್ರಿ" ಅಂದರು. ಹೊರಟಿರೋದು ಅವರೇ, ಆದರೆ 'ರೀ' ಆ ಕಡೆ ಕೇಳುತ್ತಿರುವವರಿಗೆ! ಯೊ ಅಂದರೆ ಇದೇ.

ನಾಲ್ಕು ಸಾಲು ಬರೆದುಕೊಂಡೆ. ಗೆಳತಿಗೆ ಹೇಳುವಾಗ, ಗೆಳೆಯ ಬಂದಾನ: 'ಚಿಂಗುಗಾ ವಾಸ್ಸೊ.' ಟೀಚರಿಗೆ ಹೇಳುವಾಗ, ಗೆಳೆಯ ಬಂದಾನ್ರಿ: 'ಚಿಂಗುಗಾ ವಾಸ್ಸೊಯೊ.' ಗೆಳತಿಗೆ, ಅಜ್ಜಾರು ಬಂದಾರ: 'ಹರಾಬೊಜಿ ಓಶೊಸ್ಸೊ.' ಟೀಚರಿಗೆ, ಅಜ್ಜಾರು ಬಂದಾರ್ರಿ: 'ಹರಾಬೊಜಿ ಓಶೊಸ್ಸೊಯೊ.' ಯಾರು ಬಂದರು ಅನ್ನೋದು ಶಿಯನ್ನು ತೀರ್ಮಾನಿಸುತ್ತೆ, ಯಾರ ಮುಂದೆ ಹೇಳ್ತಿದ್ದೀವಿ ಅನ್ನೋದು ಯೊವನ್ನು. ಒಂದಕ್ಕೊಂದು ಸಂಬಂಧವೇ ಇಲ್ಲ.

ಒಂದು ವ್ಯತ್ಯಾಸ ಇದೆ. 'ರೀ' ನಾಲ್ಕು ಮಾತಿಗೊಮ್ಮೆ ಬಂದರೂ ಧಾರವಾಡದಲ್ಲಿ ನಡೆಯುತ್ತೆ. ಕೊರಿಯನ್‌ನಲ್ಲಿ ಹೆಚ್ಚುಕಮ್ಮಿ ಪ್ರತಿ ವಾಕ್ಯದ ತುದಿಗೂ ಯೊ ಬೇಕು. ಅದು ಬಿಟ್ಟುಹೋದರೆ ಮಾತು 'ಬನ್‌ಮಲ್' ಆಗುತ್ತೆ, ಅಂದರೆ ಸಲಿಗೆಯವರ ಜೊತೆ ಆಡೋ ಮಾತು. ಪರಿಚಯ ಇಲ್ಲದವರಿಗೆ ಅದು ನೇರ ಏಕವಚನ ಕೇಳಿದ ಹಾಗೆ. 'ಗಾಯೊ' ಬದಲು ವಾರ್ತೆಯಲ್ಲಿ ಬರುವ 'ಗಮ್ನಿದಾ' ಇನ್ನೂ ಗಂಭೀರ, ಆದರೆ ಶುರುವಿಗೆ ಯೊ ಸಾಕು ಅಂತ ನನಗನ್ನಿಸುತ್ತೆ.

ಇನ್ನು 'ನೀವು' ಅನ್ನೋ ಪದ. ನಿಘಂಟಿನಲ್ಲಿ 'ದಂಗ್‌ಶಿನ್' ಅಂತ ಇದೆ. ಅದು ಗಂಡ ಹೆಂಡತಿ ನಡುವೆ ನಡೆಯುತ್ತೆ, ಜಗಳದಲ್ಲೂ ಬರುತ್ತೆ. ಟೀಚರಿಗೆ ಮಾತ್ರ ಹೇಳೋ ಹಾಗಿಲ್ಲ. ನೀವು ಅನ್ನೋ ಜಾಗದಲ್ಲಿ 'ಸೊನ್ಸೆಂಗ್‌ನಿಮ್', ಅಂದರೆ ಮೇಷ್ಟ್ರೇ, ಅನ್ನಬೇಕು.

ಮುಂದಿನ ವಾರ ಬಾಗಿಲ ಹತ್ತಿರ ನಾನೇ ಕೇಳಿದೆ, "ಸೊನ್ಸೆಂಗ್‌ನಿಮ್, ಚಿಬೆ ಗಾಸೆಯೊ?"

"ನೇ, ಚಿಬೆ ಗಾಯೊ," ಅಂದರು.