ಒಂದೇ ಒಂದು ಕ್ಯಾಂಡಲ್: ಬಾಡಿ ಏನು ಹೇಳುತ್ತದೆ, ಬತ್ತಿ ಏನು ಹೇಳುತ್ತದೆ

ಎಲ್ಲರಿಗೂ ನಮಸ್ಕಾರ.

ಇವತ್ತು ಈ ಬೋರ್ಡಿನ ಮೇಲೆ ಒಂದೇ ಒಂದು ಕ್ಯಾಂಡಲ್ ಬರೆಯುತ್ತೇನೆ. ಎರಡನೆಯದನ್ನು ಬರೆಯುವುದಿಲ್ಲ. ಕ್ರಿಪ್ಟೊ ಚಾರ್ಟನ್ನು ಮೊದಲ ಸಲ ತೆರೆದವರು ನೂರಾರು ಕೆಂಪು, ಹಸಿರು ಕಡ್ಡಿಗಳನ್ನು ಒಟ್ಟಿಗೆ ನೋಡುತ್ತಾರೆ. ಕೂಡಲೇ ಅದರಲ್ಲಿ ಏನೋ ಆಕಾರ ಹುಡುಕಲು ಶುರು ಮಾಡುತ್ತಾರೆ. ಆ ಒಂದೊಂದು ಕಡ್ಡಿಯೂ ಏನು ಹೇಳುತ್ತಿದೆ ಅಂತ ಕೇಳಿದರೆ ಉತ್ತರ ಬರುವುದಿಲ್ಲ. ಅದಕ್ಕೇ ಒಂದನ್ನೇ ಹಿಡಿದುಕೊಂಡು ನಿಧಾನವಾಗಿ ಓದೋಣ.

ನಾನು ಆರಿಸಿಕೊಂಡಿರುವುದು ಬಿಟ್‌ಕಾಯಿನ್‌ನ 2021ರ ಮೇ 19ರ ಕ್ಯಾಂಡಲ್. ಬೈನಾನ್ಸ್ ಎಕ್ಸ್‌ಚೇಂಜಿನ BTCUSDT ಚಾರ್ಟ್, ಅಂದರೆ ಡಾಲರ್‌ಗೆ ಸರಿಸಮ ಇರುವಂತೆ ಮಾಡಿದ USDT ನಾಣ್ಯದ ಲೆಕ್ಕದಲ್ಲಿ ಬಿಟ್‌ಕಾಯಿನ್‌ನ ಬೆಲೆ. ಅವಧಿ ಒಂದು ದಿನ. ಹಿಂದಿನ ದಿನವಷ್ಟೇ ಚೀನಾದ ಮೂರು ಹಣಕಾಸು ಸಂಘಗಳು ಕ್ರಿಪ್ಟೊ ವ್ಯವಹಾರದ ವಿರುದ್ಧ ಎಚ್ಚರಿಕೆ ಕೊಟ್ಟಿದ್ದವು. ಬೆಲೆ ಆಗಲೇ ಒಂದು ವಾರದಿಂದ ಇಳಿಯುತ್ತಿತ್ತು.

ಒಂದು ಕ್ಯಾಂಡಲ್ ಎಂದರೆ ನಾಲ್ಕು ಬೆಲೆ, ಅಷ್ಟೇ. ಆ ಅವಧಿ ಶುರುವಾದಾಗಿನ ಬೆಲೆ, ಅವಧಿಯೊಳಗೆ ಮುಟ್ಟಿದ ಅತಿ ಮೇಲಿನ ಬೆಲೆ, ಅತಿ ಕೆಳಗಿನ ಬೆಲೆ, ಅವಧಿ ಮುಗಿದಾಗಿನ ಬೆಲೆ. ಚಾರ್ಟಿನಲ್ಲಿ ಕ್ಯಾಂಡಲ್ ಮೇಲೆ ಬೆರಳಿಟ್ಟರೆ ಅಥವಾ ಮೌಸ್ ತಂದರೆ ಮೇಲ್ಗಡೆ O, H, L, C ಅಂತ ನಾಲ್ಕು ಅಂಕಿ ಕಾಣುತ್ತವೆ. ನಮ್ಮ ಕ್ಯಾಂಡಲ್‌ನಲ್ಲಿ O ಸುಮಾರು 42,850 ಡಾಲರ್, H ಸುಮಾರು 43,580, L ಸರಿಯಾಗಿ 30,000, C ಸುಮಾರು 36,690.

ಈಗ ಬರೆಯೋಣ. 42,850ಕ್ಕೆ ಒಂದು ಗೆರೆ, 36,690ಕ್ಕೆ ಒಂದು ಗೆರೆ. ಎರಡರ ನಡುವೆ ಒಂದು ಪೆಟ್ಟಿಗೆ. ಇದೇ ಬಾಡಿ. ಶುರುವಾದ ಬೆಲೆಗಿಂತ ಮುಗಿದ ಬೆಲೆ ಕೆಳಗಿದೆ, ಹಾಗಾಗಿ ಪೆಟ್ಟಿಗೆ ಕೆಂಪು. ಮೇಲೆ ಮುಗಿದಿದ್ದರೆ ಹಸಿರು. ಕೊರಿಯಾದ ಎಕ್ಸ್‌ಚೇಂಜ್‌ಗಳ ಚಾರ್ಟಿನಲ್ಲಿ ಏರಿದ್ದಕ್ಕೆ ಕೆಂಪು, ಇಳಿದಿದ್ದಕ್ಕೆ ನೀಲಿ ಇರುತ್ತದೆ. ಹಾಗಾಗಿ ಗೊತ್ತಿಲ್ಲದ ಚಾರ್ಟ್ ತೆರೆದಾಗ ಬಣ್ಣ ನಂಬುವ ಮೊದಲು O ಮತ್ತು C ಅಂಕಿಗಳನ್ನು ಒಮ್ಮೆ ನೋಡಿಕೊಳ್ಳಿ.

ಇನ್ನು ಪೆಟ್ಟಿಗೆಯ ಮೇಲಿನಿಂದ 43,580ರವರೆಗೆ ಒಂದು ತೆಳು ಗೆರೆ. ಪೆಟ್ಟಿಗೆಯ ಕೆಳಗಿನಿಂದ 30,000ದವರೆಗೆ ಇನ್ನೊಂದು ತೆಳು ಗೆರೆ. ಇವೇ ವಿಕ್. ಮೇಣದಬತ್ತಿಯ ಬತ್ತಿ ಇದ್ದ ಹಾಗೆ, ಆದರೆ ಇಲ್ಲಿ ಮೇಲೂ ಇರುತ್ತದೆ, ಕೆಳಗೂ ಇರುತ್ತದೆ. ನಾನು ಬತ್ತಿ ಅಂತಲೇ ಕರೆಯುತ್ತೇನೆ, ಬಾಯಿಗೆ ಸುಲಭ.

ಬಾಡಿ ಹೇಳುವುದು ಬೆಲೆ ಎಲ್ಲಿಂದ ಹೊರಟು ಎಲ್ಲಿ ನಿಂತಿತು ಎಂದು. ಬತ್ತಿ ಹೇಳುವುದು ಬೆಲೆ ಎಲ್ಲಿಯವರೆಗೆ ಹೋಗಿ, ಅಲ್ಲಿ ನಿಲ್ಲದೆ ವಾಪಸ್ ಬಂತು ಎಂದು. ಆ ದಿನ ಯಾರೋ 30,000ಕ್ಕೆ ನಿಜವಾಗಿಯೂ ಮಾರಿದ್ದಾರೆ, ಯಾರೋ ನಿಜವಾಗಿಯೂ ಕೊಂಡಿದ್ದಾರೆ. ಆದರೆ ದಿನ ಮುಗಿಯುವ ಹೊತ್ತಿಗೆ ಆ ಬೆಲೆಗೆ ಕೊಡುವವರು ಯಾರೂ ಇರಲಿಲ್ಲ.

ಈಗ ಅಳತೆ ತೆಗೆಯೋಣ. ಹೊಸಬರು ಮಾಡದೇ ಬಿಡುವ ಕೆಲಸ ಇದೇ. ಕಣ್ಣಳತೆಯಲ್ಲೇ 'ಉದ್ದ ಬತ್ತಿ' ಅಂದುಬಿಡುತ್ತಾರೆ. ತುದಿಯಿಂದ ತುದಿಗೆ ಈ ಕ್ಯಾಂಡಲ್ 13,580 ಡಾಲರ್. ಅದರಲ್ಲಿ ಬಾಡಿ 6,160. ಮೇಲಿನ ಬತ್ತಿ 730. ಕೆಳಗಿನ ಬತ್ತಿ 6,690. ಅಂದರೆ ಕೆಳಗಿನ ಬತ್ತಿಯೇ ಹತ್ತಿರ ಹತ್ತಿರ ಅರ್ಧ. ಬಾಡಿ ಅರ್ಧಕ್ಕಿಂತ ಸ್ವಲ್ಪ ಕಮ್ಮಿ. ಮೇಲಿನದು ಇದ್ದೂ ಇಲ್ಲದ ಹಾಗೆ.

ಇದನ್ನು ಮಾತಿನಲ್ಲಿ ಹೇಳಿದರೆ ಹೀಗೆ. ಆರಂಭದ ಬೆಲೆಗಿಂತ ಹೆಚ್ಚು ಮೇಲೆ ಹೋಗಲು ಆ ದಿನ ಬೆಲೆಗೆ ಆಗಲೇ ಇಲ್ಲ. ಕೆಳಗೆ 12,850 ಡಾಲರ್ ಜಾರಿತು. ಅದರಲ್ಲಿ ಅರ್ಧವನ್ನು ವಾಪಸ್ ಪಡೆದು ನಿಂತಿತು.

'ಅರ್ಧ' ಅನ್ನುವ ಮಾತನ್ನು ಸ್ವಲ್ಪ ಗಮನಿಸಿ. ಉದ್ದ ಕೆಳಬತ್ತಿ ಕಂಡ ತಕ್ಷಣ 'ಕೊಳ್ಳುವವರು ಗೆದ್ದರು, ಇನ್ನು ಏರುತ್ತದೆ' ಎಂದು ಹೇಳುವವರು ತುಂಬಾ ಜನ. ಆದರೆ ಮುಗಿದ ಬೆಲೆ ಇರುವುದು ಕ್ಯಾಂಡಲ್‌ನ ನಡುಮಧ್ಯದಲ್ಲಿ. ಮುಕ್ಕಾಲು ಎತ್ತರದ ಮೇಲೆ ಮುಗಿದಿದ್ದರೆ ಆ ಮಾತಿಗೆ ಒಂದಿಷ್ಟು ಆಧಾರ ಇರುತ್ತಿತ್ತು. ಇಲ್ಲಿ ಬೀಳುವುದು ನಿಂತಿತು ಎಂದಷ್ಟೇ ಹೇಳಬಹುದು. ಬತ್ತಿ ಎಷ್ಟು ಉದ್ದ ಎನ್ನುವುದರ ಜೊತೆಗೆ, ಮುಗಿದ ಬೆಲೆ ಇಡೀ ಕ್ಯಾಂಡಲ್‌ನಲ್ಲಿ ಎಷ್ಟು ಎತ್ತರದಲ್ಲಿದೆ ಎನ್ನುವುದನ್ನೂ ಯಾವಾಗಲೂ ನೋಡಿ. ನನ್ನ ಮಟ್ಟಿಗೆ ಎರಡನೆಯದೇ ಜಾಸ್ತಿ ಮುಖ್ಯ.

ಇನ್ನೊಂದು ಪ್ರಶ್ನೆ. ಈ 6,690 ಡಾಲರ್‌ನ ಬತ್ತಿ ಹುಟ್ಟಿದ್ದು ಹೇಗೆ? ಜನ ಧೈರ್ಯ ಮಾಡಿ ಕೊಂಡಿದ್ದರಿಂದಲಾ? ಅದೂ ಇತ್ತು, ಆದರೆ ಪೂರ್ತಿ ಅದೇ ಅಲ್ಲ. ಕ್ರಿಪ್ಟೊದಲ್ಲಿ ಸಾಲದ ಮೇಲೆ ವ್ಯಾಪಾರ ಮಾಡುವವರು ತುಂಬಾ ಜನ ಇರುತ್ತಾರೆ. ಒಬ್ಬರ ಹತ್ತಿರ 1,000 ಡಾಲರ್ ಇದೆ ಅಂತಿಟ್ಟುಕೊಳ್ಳಿ. ಹತ್ತು ಪಟ್ಟು ಲೆವರೇಜ್ ತೆಗೆದುಕೊಂಡು 10,000 ಡಾಲರ್‌ನಷ್ಟು ಬಿಟ್‌ಕಾಯಿನ್ ಹಿಡಿದಿದ್ದಾರೆ. ಬೆಲೆ ನೂರಕ್ಕೆ ಹತ್ತರಷ್ಟು ಬಿದ್ದರೆ ಅವರ 1,000 ಪೂರ್ತಿ ಹೋಯಿತು. ಅಲ್ಲಿಯವರೆಗೂ ಎಕ್ಸ್‌ಚೇಂಜ್ ಕಾಯುವುದಿಲ್ಲ. ಸ್ವಲ್ಪ ಮೊದಲೇ ಅವರ ಪರವಾಗಿ ತಾನೇ ಮಾರಿಬಿಡುತ್ತದೆ, ಅದೂ ಸಿಕ್ಕ ಬೆಲೆಗೆ. ಇದಕ್ಕೆ ಲಿಕ್ವಿಡೇಷನ್ ಅನ್ನುತ್ತಾರೆ. ಆ ಮಾರಾಟದಿಂದ ಬೆಲೆ ಇನ್ನಷ್ಟು ಇಳಿಯುತ್ತದೆ. ಅದು ಮುಂದಿನವರನ್ನು ಹೊಡೆಯುತ್ತದೆ. ಅವರದೂ ಮಾರಾಟ. ಮೇ 19ರಂದು ನಮ್ಮ ಸಮಯದ ಪ್ರಕಾರ ಸಂಜೆ ನಡೆದದ್ದು ಇಂಥದ್ದೇ.

ಹೀಗೆ ಬಲವಂತವಾಗಿ ಮಾರಬೇಕಾದವರೆಲ್ಲ ಖಾಲಿಯಾದ ಮೇಲೆ ಮಾರುವ ಒತ್ತಡ ಒಮ್ಮೆಲೇ ನಿಂತುಹೋಗುತ್ತದೆ. ಆಗ ಸ್ವಲ್ಪವೇ ಕೊಳ್ಳುವವರು ಬಂದರೂ ಬೆಲೆ ಜಿಗಿಯುತ್ತದೆ. ಚಾರ್ಟಿನಲ್ಲಿ ನಮಗೆ ಕಾಣುವುದು ಒಂದು ತೆಳು ಗೆರೆ. ಅದರೊಳಗೆ ಎಷ್ಟೋ ಜನರ ಉಳಿತಾಯ ಹೋಗಿರುತ್ತದೆ. ಇದು ನನ್ನ ಮನಸ್ಸಿನಲ್ಲಿ ಯಾವಾಗಲೂ ಇರುತ್ತದೆ, ನಿಮಗೂ ಇರಲಿ ಅಂತ ಹೇಳುತ್ತಿದ್ದೇನೆ.

ಸರಿ, ಬತ್ತಿಯ ತುದಿ 30,000. ಅದಕ್ಕಿಂತ ಕೆಳಗೆ ಬೆಲೆ ಹೋಗುವುದಿಲ್ಲ ಅಂತ ಅರ್ಥವಾ? ಮರುದಿನದ ಕ್ಯಾಂಡಲ್ ಹಸಿರಾಗಿ 40,000 ದಾಟಿ ಮುಗಿಯಿತು. ಬತ್ತಿ ನಂಬಿದವರಿಗೆ ಖುಷಿ. ಆದರೆ ಮೇ 23ರಂದು ಬೆಲೆ ಮತ್ತೆ 31,000ದ ಹತ್ತಿರ ಬಂತು. ಜೂನ್ 22ರಂದು 30,000ವನ್ನೂ ಮುರಿದು ಸುಮಾರು 28,800ಕ್ಕೆ ಇಳಿಯಿತು. ಬತ್ತಿಯ ತುದಿ ಎಂದರೆ ಹಿಂದೆ ಒಮ್ಮೆ ಬೆಲೆ ತಿರುಗಿದ ಜಾಗ. ಮುಂದೆಯೂ ಅಲ್ಲೇ ತಿರುಗುತ್ತದೆ ಎಂದು ಅದು ಮಾತು ಕೊಟ್ಟಿಲ್ಲ.

ಕ್ಯಾಂಡಲ್ ಹೇಳದೇ ಇರುವ ಇನ್ನೊಂದು ವಿಷಯ ಇದೆ. ಮೊದಲು ಮೇಲೆ ಹೋಯಿತಾ, ಕೆಳಗೆ ಹೋಯಿತಾ? ಈ ಚಿತ್ರದಲ್ಲಿ ಅದು ಇಲ್ಲ. ನಾಲ್ಕು ಬೆಲೆಗೆ ಕ್ರಮ ಇರುವುದಿಲ್ಲ, ಮೊದಲನೆಯದು ಮತ್ತು ಕೊನೆಯದು ಮಾತ್ರ ಖಚಿತ. ನಡುವಿನ ಕಥೆ ಬೇಕಾದರೆ ಚಾರ್ಟನ್ನು 1D ಯಿಂದ 1h ಗೆ ಬದಲಾಯಿಸಿ. ಅದೇ ದಿನ 24 ಸಣ್ಣ ಕ್ಯಾಂಡಲ್‌ಗಳಾಗಿ ಬಿಚ್ಚಿಕೊಳ್ಳುತ್ತದೆ.

ಹೊಸಬರು ಜಾಸ್ತಿ ಎಡವುವುದು ಈಗ ಹೇಳುವ ವಿಷಯದಲ್ಲಿ. ಷೇರು ಪೇಟೆ ಮಧ್ಯಾಹ್ನ ಮೂರೂವರೆಗೆ ಮುಚ್ಚುತ್ತದೆ, ದಿನದ ಕ್ಯಾಂಡಲ್ ಅಲ್ಲಿಗೆ ಮುಗಿಯಿತು. ಕ್ರಿಪ್ಟೊ ಮುಚ್ಚುವುದೇ ಇಲ್ಲ. ಹಾಗಾದರೆ ದಿನ ಮುಗಿಯುವುದು ಯಾವಾಗ? ಹೆಚ್ಚಿನ ಚಾರ್ಟ್‌ಗಳಲ್ಲಿ UTC ಎನ್ನುವ ಜಾಗತಿಕ ಪ್ರಮಾಣ ಸಮಯದ ಲೆಕ್ಕದ ಮಧ್ಯರಾತ್ರಿಗೆ. ಭಾರತದಲ್ಲಿ ಆಗ ಬೆಳಗ್ಗೆ 5.30. ಅಂದರೆ ನಮ್ಮ ಮೇ 19ರ ಕ್ಯಾಂಡಲ್ ನಿಜವಾಗಿ ಮುಗಿದದ್ದು ಮೇ 20ರ ಬೆಳಗ್ಗೆ ಐದೂವರೆಗೆ.

ಅಲ್ಲಿಯವರೆಗೆ C ಅಂತ ಕಾಣುವ ಅಂಕಿ ಬರೀ ಈ ಕ್ಷಣದ ಬೆಲೆ. ಅದು ಬದಲಾದ ಹಾಗೆ ಬಾಡಿಯೂ ಬದಲಾಗುತ್ತದೆ, ಬತ್ತಿಯೂ ಬದಲಾಗುತ್ತದೆ. ಒಮ್ಮೆ ನಾನು ರಾತ್ರಿ ಹನ್ನೊಂದಕ್ಕೆ ಚಾರ್ಟ್ ನೋಡಿದೆ. ಚಿಕ್ಕ ಬಾಡಿ, ಕೆಳಗೆ ಉದ್ದನೆಯ ಬತ್ತಿ, ನೋಡಲು ಬಹಳ ಚೆನ್ನಾಗಿತ್ತು. ಅದನ್ನೇ ನಂಬಿ ಕೊಂಡೆ. ಬೆಳಗ್ಗೆ ಎದ್ದು ನೋಡಿದರೆ ಬೆಲೆ ಮತ್ತೆ ಜಾರಿ ಬತ್ತಿಯ ತುದಿಯ ಹತ್ತಿರವೇ ಮುಗಿದಿತ್ತು. ಬತ್ತಿ ಇದ್ದ ಜಾಗದಲ್ಲಿ ಈಗ ಕೆಂಪು ಬಾಡಿ ಇತ್ತು. ರಾತ್ರಿ ನಾನು ನೋಡಿದ ಕ್ಯಾಂಡಲ್ ಚಾರ್ಟಿನಲ್ಲಿ ಎಲ್ಲೂ ಇರಲಿಲ್ಲ. ಅವತ್ತಿನಿಂದ ಮುಗಿಯದ ಕ್ಯಾಂಡಲ್ ಓದುವುದನ್ನು ಬಿಟ್ಟಿದ್ದೇನೆ.

ಕೊನೆಗೆ, ಆ ಬತ್ತಿ ಯಾವ ಎಕ್ಸ್‌ಚೇಂಜಿನದು ಎನ್ನುವುದನ್ನೂ ನೋಡಬೇಕು. ಬಿಟ್‌ಕಾಯಿನ್‌ಗೆ ಇಡೀ ಜಗತ್ತಿಗೆ ಒಂದೇ ಚಾರ್ಟ್ ಅಂತ ಇಲ್ಲ. ಪ್ರತಿ ಎಕ್ಸ್‌ಚೇಂಜಿನಲ್ಲೂ ಅಲ್ಲಿ ನಡೆದ ವ್ಯಾಪಾರದ ಕ್ಯಾಂಡಲ್ ಮಾತ್ರ ಇರುತ್ತದೆ. 2021ರ ಅಕ್ಟೋಬರ್ 21ರಂದು ಅಮೆರಿಕದ ಬೈನಾನ್ಸ್ ಯುಎಸ್ ಎಕ್ಸ್‌ಚೇಂಜಿನಲ್ಲಿ ಬಿಟ್‌ಕಾಯಿನ್ ಸುಮಾರು 65,000 ಡಾಲರ್‌ನಿಂದ ಕ್ಷಣದಲ್ಲಿ 8,200ರ ಹತ್ತಿರ ಬಿದ್ದು, ತಕ್ಷಣ ಮೇಲೆ ಬಂತು. ದೊಡ್ಡ ವ್ಯಾಪಾರಿಯೊಬ್ಬರ ಸ್ವಯಂಚಾಲಿತ ಪ್ರೋಗ್ರಾಮಿನಲ್ಲಿದ್ದ ದೋಷ ಅದಕ್ಕೆ ಕಾರಣ ಎಂದು ಆ ಎಕ್ಸ್‌ಚೇಂಜ್ ಹೇಳಿತು. ಅದೇ ಹೊತ್ತಿಗೆ ಬೇರೆ ದೊಡ್ಡ ಎಕ್ಸ್‌ಚೇಂಜ್‌ಗಳಲ್ಲಿ ಅಂಥ ಬತ್ತಿ ಇರಲೇ ಇಲ್ಲ. ಕೊಳ್ಳುವ ಆರ್ಡರ್‌ಗಳು ತೆಳುವಾಗಿದ್ದ ಕಡೆ ಒಂದು ದೊಡ್ಡ ಮಾರಾಟ ಬಂದರೆ ಹೀಗಾಗುತ್ತದೆ. ಸಣ್ಣ ನಾಣ್ಯಗಳಲ್ಲಿ ಇದು ಇನ್ನೂ ಜಾಸ್ತಿ. ಹಾಗಾಗಿ ವಿಚಿತ್ರ ಉದ್ದದ ಬತ್ತಿ ಕಂಡರೆ, ಅದೇ ನಾಣ್ಯದ ಅದೇ ದಿನವನ್ನು ಇನ್ನೊಂದು ಎಕ್ಸ್‌ಚೇಂಜಿನ ಚಾರ್ಟಿನಲ್ಲಿ ನೋಡಿ. ಎರಡರಲ್ಲೂ ಇದ್ದರೆ ಅದು ಮಾರುಕಟ್ಟೆಯ ಬತ್ತಿ. ಒಂದರಲ್ಲಿ ಮಾತ್ರ ಇದ್ದರೆ ಆ ಅಂಗಡಿಯ ಬತ್ತಿ.

ಈಗ ಎಲ್ಲರೂ ಫೋನ್ ತೆಗೆಯಿರಿ. BTCUSDT ತೆರೆದು 1D ಇಟ್ಟು, 2021ರ ಜೂನ್ 22ಕ್ಕೆ ಹೋಗಿ. ನಾಲ್ಕು ಅಂಕಿಗಳನ್ನು ಕಾಗದದ ಮೇಲೆ ಬರೆದುಕೊಳ್ಳಿ. ಬಾಡಿ ಎಷ್ಟು, ಮೇಲಿನ ಬತ್ತಿ ಎಷ್ಟು, ಕೆಳಗಿನದು ಎಷ್ಟು, ಮುಗಿದ ಬೆಲೆ ಎಷ್ಟು ಎತ್ತರದಲ್ಲಿದೆ, ಲೆಕ್ಕ ಹಾಕಿ. ಇದಕ್ಕೂ ಮೇ 19ರದಕ್ಕೂ ಏನು ವ್ಯತ್ಯಾಸ ಅಂತ ನೀವೇ ಹೇಳಬೇಕು. ಹತ್ತು ನಿಮಿಷ ಕೊಡುತ್ತೇನೆ, ನಾನು ಬೆಂಚುಗಳ ಹತ್ತಿರ ಬರುತ್ತೇನೆ.